ಆರೋಗ್ಯ ವೆಚ್ಚದ ಹೊರೆ: ತೆರಿಗೆಯೋ, ವಂತಿಗೆಯೋ?

ಇಪ್ಪತ್ತು ಕೆಲಸಗಾರರಿರುವ ಒಂದು ಸಣ್ಣ ಘಟಕವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ವರ್ಷವೊಂದರಲ್ಲಿ ಪ್ರತಿ ನೂರು ಕೆಲಸಗಾರರಲ್ಲಿ ಒಬ್ಬರಿಗೆ 2 ಲಕ್ಷ ರೂಪಾಯಿ ವೆಚ್ಚದ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ ಎಂದಿಟ್ಟುಕೊಂಡರೆ, ತಲಾ ಸರಾಸರಿ ವೆಚ್ಚ 2,000 ರೂಪಾಯಿ. ಆದರೆ ಈ ಸರಾಸರಿ ಯಾವ ವರ್ಷವೂ ಆ ಘಟಕದ ಲೆಕ್ಕಪುಸ್ತಕದಲ್ಲಿ ಕಾಣಿಸದು. ಹತ್ತರಲ್ಲಿ ಸುಮಾರು ಎಂಟು ವರ್ಷ ವೆಚ್ಚವೇ ಇರುವುದಿಲ್ಲ. ಉಳಿದ ವರ್ಷಗಳಲ್ಲಿ ಒಮ್ಮೆಲೇ 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಹೊರೆ ಎದುರಾಗುತ್ತದೆ. ಆಗ ಕೆಲಸಗಾರನು ಸಾಲಕ್ಕೆ ಕೈಯೊಡ್ಡುತ್ತಾನೆ, ಇಲ್ಲವೇ ಮಾಲೀಕನ ಬಳಿ ಮುಂಗಡ ಕೇಳುತ್ತಾನೆ.

ಇಂತಹ ಒಂದು ಲಕ್ಷ ಕೆಲಸಗಾರರು ಒಂದೇ ನಿಧಿಗೆ ಹಣ ಕಟ್ಟಿದರೆ ಚಿತ್ರ ಬದಲಾಗುತ್ತದೆ. ಅವರಲ್ಲಿ ಚಿಕಿತ್ಸೆ ಬೇಕಾಗುವವರು ಸುಮಾರು ಸಾವಿರ ಮಂದಿ. ಬಹುಪಾಲು ವರ್ಷಗಳಲ್ಲಿ ಈ ಸಂಖ್ಯೆ 940ರಿಂದ 1,060ರ ಒಳಗೇ ಇರುತ್ತದೆ. ತಲಾ ವೆಚ್ಚವೂ 1,880ರಿಂದ 2,120 ರೂಪಾಯಿಗಳ ನಡುವೆ ನಿಲ್ಲುತ್ತದೆ. ನಿಧಿಯು ಕಾಯಿಲೆಗಳ ಒಟ್ಟು ವೆಚ್ಚವನ್ನು ಕಡಿಮೆ ಮಾಡುವುದಿಲ್ಲ, ಅನಿಶ್ಚಿತತೆಯನ್ನು ಮಾತ್ರ ಕಡಿಮೆ ಮಾಡುತ್ತದೆ. ಆದರೆ ಸಾಂಕ್ರಾಮಿಕ ರೋಗ ಎಲ್ಲರನ್ನೂ ಒಟ್ಟಿಗೆ ಬಾಧಿಸಿದಾಗ ಅಥವಾ ಚಿಕಿತ್ಸಾ ದರಗಳು ಏರಿದಾಗ, ನಿಧಿ ಎಷ್ಟೇ ದೊಡ್ಡದಾಗಿದ್ದರೂ ತಲಾ ಹೊರೆ ಹೆಚ್ಚುತ್ತದೆ.

ಸೇರುವುದು ಬಿಡುವುದು ಅವರವರ ಇಚ್ಛೆಗೆ ಬಿಟ್ಟದ್ದಾದರೆ, ಆರೋಗ್ಯವಂತರು ಹೊರಗುಳಿದು ಕಾಯಿಲೆಯುಳ್ಳವರೇ ಹೆಚ್ಚಾಗಿ ಸೇರುತ್ತಾರೆ. ಆಗ ತಲಾ ವೆಚ್ಚ ಏರುತ್ತದೆ, ಕಂತು ಹೆಚ್ಚಿಸಬೇಕಾಗುತ್ತದೆ, ಇನ್ನಷ್ಟು ಆರೋಗ್ಯವಂತರು ಬಿಟ್ಟುಹೋಗುತ್ತಾರೆ. ಆದುದರಿಂದಲೇ ದೊಡ್ಡ ನಿಧಿಗಳು ಸಾಮಾನ್ಯವಾಗಿ ಕಡ್ಡಾಯ ಪಾವತಿಯನ್ನು ಅವಲಂಬಿಸಿವೆ. ಅದು ವಂತಿಗೆಯಾಗಿರಬಹುದು, ತೆರಿಗೆಯಾಗಿರಬಹುದು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ 1948ರ ಜುಲೈ 5ರಂದು ಮುಖ್ಯವಾಗಿ ತೆರಿಗೆಯ ಹಣದಿಂದ ಆರಂಭವಾಯಿತು. ಅದೇ ವರ್ಷ ಭಾರತದಲ್ಲಿ ರೂಪುಗೊಂಡ ಕಾರ್ಮಿಕರ ರಾಜ್ಯ ವಿಮಾ ಕಾಯಿದೆಯು ವಂತಿಗೆಯ ಮಾರ್ಗವನ್ನು ಆರಿಸಿಕೊಂಡಿತು.

2025ರ ನವೆಂಬರ್‌ನಲ್ಲಿ ಸಾಮಾಜಿಕ ಭದ್ರತಾ ಸಂಹಿತೆಯ ವ್ಯಾಪ್ತಿಗೆ ಬಂದ ಈ ಇ.ಎಸ್.ಐ. ಯೋಜನೆಯಲ್ಲಿ, 2019ರ ಜುಲೈನಲ್ಲಿ ನಿಗದಿಯಾದ ದರದಂತೆ ವೇತನದ ಶೇ. 3.25ರಷ್ಟನ್ನು ಉದ್ಯೋಗದಾತರೂ ಶೇ. 0.75ರಷ್ಟನ್ನು ಕೆಲಸಗಾರರೂ ಸಲ್ಲಿಸಬೇಕು. ತಿಂಗಳಿಗೆ 12,000 ರೂಪಾಯಿ ವೇತನವಿರುವವನ ಹೆಸರಿನಲ್ಲಿ 390 ಮತ್ತು 90, ಒಟ್ಟು 480 ರೂಪಾಯಿ ಸಂದಾಯವಾಗುತ್ತದೆ. 20,000 ರೂಪಾಯಿ ವೇತನದವನಿಗೆ ಇದೇ ಮೊತ್ತ 800 ರೂಪಾಯಿ. ಆದರೆ ಇಬ್ಬರಿಗೂ, ಅವರ ಕುಟುಂಬಗಳಿಗೂ ದೊರೆಯುವ ಚಿಕಿತ್ಸೆ ಒಂದೇ. ಮಧುಮೇಹವಿರುವವನು ಹೆಚ್ಚು ಕಟ್ಟಬೇಕಾಗಿಲ್ಲ.

ವಂತಿಗೆಯ ಹಣ ಆರೋಗ್ಯಕ್ಕೆಂದೇ ಮೀಸಲಾಗಿರುವುದು ಇದರ ಬಲ. ಅದು ಉದ್ಯೋಗಕ್ಕೆ ಅಂಟಿಕೊಂಡಿರುವುದು ಇದರ ದೌರ್ಬಲ್ಯ. ಹತ್ತು ಮಂದಿಗಿಂತ ಕಡಿಮೆ ಕೆಲಸಗಾರರಿರುವ ಘಟಕಗಳು ಸಾಮಾನ್ಯವಾಗಿ ಕಡ್ಡಾಯ ವ್ಯಾಪ್ತಿಯ ಹೊರಗಿವೆ. 2017ರ ಜನವರಿಯಲ್ಲಿ ನಿಗದಿಯಾದ 21,000 ರೂಪಾಯಿಗಳ ವೇತನ ಮಿತಿಯನ್ನು ದಾಟಿದವರೂ ಹೊರಗುಳಿಯುತ್ತಾರೆ. ಒಂಬತ್ತು ಮಂದಿಯಿರುವ ಮಾಲೀಕನು ಹತ್ತನೆಯವನನ್ನು ಸೇರಿಸಲು ಹಿಂಜರಿಯುವುದಕ್ಕೆ ಇದೂ ಒಂದು ಕಾರಣವಾಗಬಹುದು. ಏಕೆಂದರೆ ಆ ಒಬ್ಬನಿಂದಾಗಿ ಮಿತಿಯೊಳಗಿನ ಎಲ್ಲರ ವಂತಿಗೆಯ ಹೊಣೆಯೂ ಆರಂಭವಾಗುತ್ತದೆ. ಇನ್ನು ಅಂಗಡಿಯ ಮಾಲೀಕ ಸ್ವತಃ ಯಾರ ನೌಕರನೂ ಅಲ್ಲವಾದ್ದರಿಂದ, ತನ್ನ ಕೆಲಸಗಾರರಿಗಾಗಿ ವಂತಿಗೆ ಕಟ್ಟಿದರೂ ತಾನು ಆ ನಿಧಿಯ ಫಲಾನುಭವಿಯಲ್ಲ.

ಈ ಅಂತರವನ್ನು ತುಂಬಲು ತೆರಿಗೆಯ ಮಾರ್ಗ ಬೇಕಾಗುತ್ತದೆ. ರಾಜ್ಯದಲ್ಲಿ 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಗೆ ಫಲಾನುಭವಿಗಳು ಕಂತು ಕಟ್ಟಬೇಕಾಗಿಲ್ಲ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಬಜೆಟ್ಟಿನಿಂದಲೇ ಹಣ ಬರುತ್ತದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯಿದ್ದರೆ, ಎ.ಪಿ.ಎಲ್. ಕುಟುಂಬಕ್ಕೆ ಯೋಜನೆಯ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವಾರ್ಷಿಕ 1.5 ಲಕ್ಷ ರೂಪಾಯಿಗಳ ಮಿತಿಯೊಳಗೆ, ಸರ್ಕಾರ ಭರಿಸುವಂತೆ ಯೋಜನೆಯನ್ನು ರೂಪಿಸಲಾಯಿತು. ಮೇಲಿನ 2 ಲಕ್ಷ ರೂಪಾಯಿಯ ಶಸ್ತ್ರಚಿಕಿತ್ಸೆಯು ಎ.ಪಿ.ಎಲ್. ವರ್ತಕನೊಬ್ಬನಿಗೆ ಅದೇ ಪ್ಯಾಕೇಜ್ ದರದಲ್ಲಿ ದೊರೆತರೂ, 60,000 ರೂಪಾಯಿ ಯೋಜನೆಯಿಂದ ಬಂದು ಉಳಿದ 1,40,000 ರೂಪಾಯಿ ಅವನ ಜೇಬಿನಿಂದಲೇ ಹೋಗಬೇಕು.

ತೆರಿಗೆಯ ನಿಧಿ ವಿಶಾಲವಾದುದು. ಕೂಲಿಕಾರನೂ ಸೋಪು ಕೊಳ್ಳುವಾಗ ಜಿ.ಎಸ್.ಟಿ. ರೂಪದಲ್ಲಿ ಸರ್ಕಾರದ ಬೊಕ್ಕಸಕ್ಕೆ ಪಾಲು ನೀಡುತ್ತಾನೆ. ಆದರೆ ಆ ಹಣ ಆರೋಗ್ಯಕ್ಕೆ ಮೀಸಲಲ್ಲ. ಪ್ರತಿ ಬಜೆಟ್ಟಿನಲ್ಲಿಯೂ ರಸ್ತೆ, ನೀರಾವರಿ, ಸಬ್ಸಿಡಿಗಳೊಡನೆ ಸ್ಪರ್ಧಿಸಿಯೇ ಅದು ದೊರೆಯಬೇಕು. ಅನುದಾನ ಸಾಲದೆ ಹೋದಾಗ ಆಸ್ಪತ್ರೆಗಳ ಬಿಲ್ಲುಗಳು ಬಾಕಿ ಉಳಿಯುವುದು, ಆಸ್ಪತ್ರೆಗಳು ಯೋಜನೆಯ ರೋಗಿಗಳನ್ನು ಸೇರಿಸಿಕೊಳ್ಳಲು ಹಿಂದೇಟು ಹಾಕುವುದು ಇದರ ಮೊದಲ ಲಕ್ಷಣಗಳು.

ಹೀಗಾಗಿ ಸಣ್ಣ ಉದ್ಯಮಿಯು ಎರಡು ಲೆಕ್ಕಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಕೆಲಸಗಾರರ ಪೈಕಿ ಯಾರು ಇ.ಎಸ್.ಐ. ವ್ಯಾಪ್ತಿಯಲ್ಲಿದ್ದಾರೆ, ಯಾರು ವೇತನ ಮಿತಿ ದಾಟಿದ್ದಾರೆ ಎಂಬುದು ಮೊದಲನೆಯದು. ತನ್ನ ಕುಟುಂಬಕ್ಕೆ ಸರ್ಕಾರದ ಯೋಜನೆಯಿಂದ ದೊರೆಯುವ ಪಾಲನ್ನು ಕಳೆದು, ಉಳಿಯುವ ಮೊತ್ತಕ್ಕೆ ಪ್ರತ್ಯೇಕ ವಿಮೆ ಇದೆಯೇ ಎಂಬುದು ಎರಡನೆಯದು. ದುಡಿಮೆಯ ಬಂಡವಾಳಕ್ಕೆ ಕೈಹಾಕಬೇಕಾದ ಪ್ರಸಂಗ ಬರುವುದು ಬಹುತೇಕ ಈ ಎರಡನೆಯ ಲೆಕ್ಕ ತಪ್ಪಿದಾಗಲೇ.