ಡಿಜಿಟಲ್ ತರಗತಿಗೆ ದೇಣಿಗೆ: ಐದು ವರ್ಷಗಳ ಲೆಕ್ಕ

ತಾವು ಕಲಿತ ಶಾಲೆಗೆ ಒಂದು ಪ್ರೊಜೆಕ್ಟರ್ ಕೊಡಿಸಬೇಕೆಂಬ ಬೇಡಿಕೆ ನಮ್ಮ ವರ್ತಕ ಸದಸ್ಯರಲ್ಲಿ ಅನೇಕರ ಬಳಿಗೆ ಬರುತ್ತಿರುತ್ತದೆ. ದರಪಟ್ಟಿ ತರಿಸಿ, ಚೆಕ್ ಬರೆದು, ಉದ್ಘಾಟನೆಯ ದಿನ ಹಾರ ಹಾಕಿಸಿಕೊಂಡರೆ ಕೆಲಸ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ಆದರೆ ಯಂತ್ರವೊಂದನ್ನು ಕೊಳ್ಳುವಾಗ ಅದನ್ನು ನಡೆಸುವ ಖರ್ಚನ್ನೂ ಲೆಕ್ಕ ಹಾಕುವ ಉದ್ಯಮಿಯು ಶಾಲೆಯ ವಿಷಯದಲ್ಲಿ ಮಾತ್ರ ಆ ಲೆಕ್ಕವನ್ನು ಮರೆಯುತ್ತಾನೆ. ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯಂತಹ ಊರಿನ ಪ್ರೌಢಶಾಲೆಯೊಂದರಲ್ಲಿ ಒಂದೇ ಕೊಠಡಿಯನ್ನು ಸಜ್ಜುಗೊಳಿಸುವುದೆಂದು ಇಟ್ಟುಕೊಂಡು ಇಲ್ಲಿ ಅಂದಾಜು ಹಾಕಲಾಗಿದೆ. ದರಗಳು ಉದಾಹರಣೆಗಾಗಿ ಮಾತ್ರ. ಓದುಗರು ತಮ್ಮ ದರಪಟ್ಟಿಯ ಅಂಕಿಗಳನ್ನು ಹಾಕಿಕೊಳ್ಳಬಹುದು.

ಮೊದಲ ವೆಚ್ಚ ಹೀಗಿದೆ: ಪ್ರೊಜೆಕ್ಟರಿಗೆ 45,000 ರೂ., ಪರದೆ, ಚಾವಣಿಯ ತೂಗುಪಟ್ಟಿ ಮತ್ತು ಕೇಬಲ್‌ಗಳಿಗೆ 12,000, ಕಂಪ್ಯೂಟರಿಗೆ 35,000, ಧ್ವನಿವರ್ಧಕಕ್ಕೆ 5,000, ಇನ್ವರ್ಟರ್ ಹಾಗೂ ಬ್ಯಾಟರಿಗೆ 28,000, ವೈರಿಂಗ್ ಮತ್ತು ಅರ್ಥಿಂಗ್‌ಗೆ 15,000. ಒಟ್ಟು 1,40,000 ರೂ. ಪ್ರೊಜೆಕ್ಟರಿನ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿರುವುದರಿಂದ ಹಳೆಯ ದರಪಟ್ಟಿಯನ್ನು ನಂಬಬಾರದು. ಸರಕನ್ನು ತಮ್ಮ ಸಂಸ್ಥೆಯ ಹೆಸರಿನಲ್ಲಿ ಕೊಂಡು ದಾನ ಕೊಡುವವರಿಗೆ ಇನ್‌ಪುಟ್ ತೆರಿಗೆ ಜಮೆ ಸಿಗದು. ಕಾಯಿದೆಯ 17(5)ನೇ ಕಲಮು ದಾನದ ಸರಕನ್ನು ಹೊರಗಿಟ್ಟಿದೆ.

ಈ ಪಟ್ಟಿಯಲ್ಲಿ ಕೊನೆಯ ಎರಡು ಬಾಬುಗಳನ್ನೇ ದಾನಿಗಳು ಮೊದಲು ಕತ್ತರಿಸುತ್ತಾರೆ. ನಮ್ಮ ಸೀಮೆಯಲ್ಲಿ ಅದೇ ದೊಡ್ಡ ತಪ್ಪು. ವಿದ್ಯುತ್ ಬಿಲ್ಲು ಭಾರವೇನಲ್ಲ. ಪ್ರೊಜೆಕ್ಟರ್, ಕಂಪ್ಯೂಟರ್ ಎಲ್ಲ ಸೇರಿ ಸುಮಾರು 400 ವ್ಯಾಟ್. ದಿನಕ್ಕೆ ಮೂರು ಗಂಟೆಯಂತೆ 200 ದಿನ ನಡೆಸಿದರೆ ವರ್ಷಕ್ಕೆ 240 ಯೂನಿಟ್, ಯೂನಿಟ್ಟಿಗೆ 8 ರೂ. ಹಿಡಿದರೂ 2,000 ರೂ.ಗಳ ಒಳಗೆ. ಸರ್ಕಾರಿ ಶಾಲೆಗಳಿಗಂತೂ ರಾಜ್ಯ ಸರ್ಕಾರವು 2024ರಲ್ಲಿ ಉಚಿತ ವಿದ್ಯುತ್ ಪ್ರಕಟಿಸಿದೆ. ತೊಂದರೆ ಇರುವುದು ವಿದ್ಯುತ್ತಿನ ಬೆಲೆಯಲ್ಲಲ್ಲ, ಅದರ ನಡತೆಯಲ್ಲಿ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬೀಳುತ್ತದೆ. ಏಪ್ರಿಲ್–ಮೇ ತಿಂಗಳ ಗುಡುಗಿನಲ್ಲಿ ಸಿಡಿಲಿನ ಹೊಡೆತ ತಂತಿಗುಂಟ ಶಾಲೆಯೊಳಗೆ ಬರುತ್ತದೆ. 12 ವೋಲ್ಟ್, 150 ಆಂಪಿಯರ್-ಗಂಟೆಯ ಒಂದು ಹೊಸ ಬ್ಯಾಟರಿ 400 ವ್ಯಾಟ್ ಹೊರೆಯನ್ನು ಒಂದೂವರೆಯಿಂದ ಎರಡು ಗಂಟೆ ಹೊರಬಲ್ಲದು, ಅಂದರೆ ಎರಡು ಪಾಠಗಳಿಗೆ ಸಾಕು.

ಅರ್ಥಿಂಗ್ ವಿಷಯದಲ್ಲಿ ಎಚ್ಚರ ಬೇಕು. ಚಿರೆಕಲ್ಲಿನ ನೆಲದಲ್ಲಿ ಬೇಸಿಗೆಗೆ ತೇವ ಇಳಿದುಹೋಗಿ, ಮಳೆಗಾಲದಲ್ಲಿ ಸರಿಯಿದ್ದ ಅರ್ಥಿಂಗ್ ಮಾರ್ಚ್ ಹೊತ್ತಿಗೆ ಕೆಲಸ ಮಾಡದಂತಾಗುತ್ತದೆ. ಯಂತ್ರಗಳು ನಡೆಯುತ್ತಿರುವಾಗ ಎಲೆಕ್ಟ್ರಿಷಿಯನ್ ಮಲ್ಟಿಮೀಟರಿನಿಂದ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅಳೆಯಲಿ. ಎರಡು-ಮೂರು ವೋಲ್ಟ್ ಮೀರಿದರೆ ವೈರಿಂಗ್ ಹಾಗೂ ಅರ್ಥಿಂಗ್ ಎರಡನ್ನೂ ಪರೀಕ್ಷಿಸಬೇಕು. ಅಳತೆಯನ್ನು ಬೇಸಿಗೆಯಲ್ಲಿಯೇ ಮಾಡಿಸುವುದು ಲೇಸು.

ಇನ್ನು ವಾರ್ಷಿಕ ವೆಚ್ಚ. ಪಾಠಸಾಮಗ್ರಿಯ ಚಂದಾ 15,000, ಶಿಕ್ಷಕರ ತರಬೇತಿ 8,000, ನಿರ್ವಹಣೆ 9,000, ವಿದ್ಯುತ್ 2,000: ವರ್ಷಕ್ಕೆ 34,000 ರೂ., ಐದು ವರ್ಷಕ್ಕೆ 1,70,000. ನಡುವೆ ಒಮ್ಮೆ ಬ್ಯಾಟರಿಗೆ 16,000, ದೀಪಕ್ಕೆ 10,000 ಸೇರಿಸಿದರೆ ಐದು ವರ್ಷದ ಒಟ್ಟು ಮೊತ್ತ 3,36,000 ರೂ. ಉದ್ಘಾಟನೆಯ ದಿನ ಕಣ್ಣಿಗೆ ಕಾಣುವ 1,40,000 ರೂ. ಇದರಲ್ಲಿ ಅರ್ಧವೂ ಅಲ್ಲ.

ಉಳಿತಾಯಕ್ಕೆ ಎಡೆಯಿರುವುದು ಚಂದಾದಲ್ಲಿ. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ದೀಕ್ಷಾ ವೇದಿಕೆಯಲ್ಲಿ ಕನ್ನಡದ ಪಾಠಸಾಮಗ್ರಿ ಉಚಿತವಾಗಿ ದೊರೆಯುತ್ತದೆ. ಶಿರಸಿಯಲ್ಲಿ ಇಳಿಸಿಕೊಂಡು ತಂದು ಅಂತರಜಾಲವಿಲ್ಲದ ಕೊಠಡಿಯಲ್ಲಿಯೂ ತೋರಿಸಬಹುದು. ಅದು ಸಾಕಾದರೆ ಐದು ವರ್ಷಕ್ಕೆ 75,000 ರೂ. ಉಳಿದು ಮೊತ್ತ 2,61,000ಕ್ಕೆ ಇಳಿಯುತ್ತದೆ. ಖಾಸಗಿ ಚಂದಾ ಕೊಳ್ಳುವುದಾದರೆ ರಾಜ್ಯ ಪಠ್ಯಕ್ರಮದ ಕನ್ನಡ ಮಾಧ್ಯಮದ ಪಾಠವನ್ನೇ, ಅಂತರಜಾಲ ಕಳಚಿಟ್ಟು, ಎದುರಿಗೆ ನಡೆಸಿ ತೋರಿಸಲು ಹೇಳಬೇಕು. ಯಂತ್ರ ಮತ್ತು ಚಂದಾ ಎರಡನ್ನೂ ಒಂದೇ ಮೊತ್ತದಲ್ಲಿ ಹೇಳುವ ದರಪಟ್ಟಿಯನ್ನು ಬಿಡಿಸಿ ಬರೆಸಿಕೊಳ್ಳದೆ ಸಹಿ ಮಾಡಬಾರದು.

ತರಬೇತಿಯನ್ನು ಮೊದಲ ವರ್ಷಕ್ಕೆ ಮಾತ್ರ ಹಿಡಿಯುವುದು ರೂಢಿ. ಆದರೆ ಕಲಿತ ಶಿಕ್ಷಕರು ವರ್ಗವಾಗಿ ಹೋದರೆ ಪ್ರೊಜೆಕ್ಟರ್ ಮುಖ್ಯಾಧ್ಯಾಪಕರ ಬೀರುವನ್ನು ಸೇರುತ್ತದೆ. ಪ್ರತಿ ಜೂನ್‌ನಲ್ಲಿ ಎರಡು ದಿನದ ತರಬೇತಿ, ಅದೂ ಕನಿಷ್ಠ ಇಬ್ಬರಿಗೆ, ಲೆಕ್ಕದಲ್ಲಿರಲಿ.

ನಿರ್ವಹಣೆಯ ಹಣದಲ್ಲಿ ಹೆಚ್ಚಿನದು ಧೂಳು ಮತ್ತು ತೇವದ ವಿರುದ್ಧ ಹೋಗುತ್ತದೆ. ಪ್ರೊಜೆಕ್ಟರಿನ ದೀಪ ಸಾಮಾನ್ಯವಾಗಿ 4,000 ಗಂಟೆಯಾದರೂ ಬಾಳಬೇಕು. ನಮ್ಮ ಬಳಕೆ ವರ್ಷಕ್ಕೆ 600 ಗಂಟೆ ಮಾತ್ರ. ಆದರೂ ಬೇಗ ಕೆಡುವುದೇಕೆ? ಗಾಳಿಯ ಸೋಸಕ ಕಟ್ಟಿಕೊಂಡು ಒಳಗೆ ಬಿಸಿಯೇರುವುದರಿಂದ. ಫ್ಯಾನಿನ ಸದ್ದು ಜೋರಾಗಿ, ಯಂತ್ರ ತಾನಾಗಿಯೇ ನಿಲ್ಲತೊಡಗಿದರೆ ಮೊದಲು ಸೋಸಕ ತೆಗೆದು ನೋಡಬೇಕು. ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಟ್ಟ ಪ್ರೊಜೆಕ್ಟರಿನ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ಪಾಠವಿರಲಿ ಬಿಡಲಿ, ವಾರಕ್ಕೆರಡು ಬಾರಿ ಅರ್ಧ ಗಂಟೆ ನಡೆಸಿದರೆ ಒಳಗಿನ ತೇವ ಆರುತ್ತದೆ. ದುರಸ್ತಿಗೆ ಹುಬ್ಬಳ್ಳಿಯವರೆಗೆ ಹೊತ್ತೊಯ್ಯಬೇಕೋ, ಶಾಲೆಗೇ ಬಂದು ಮಾಡುವರೋ ಎಂಬುದನ್ನು ಖರೀದಿಯ ಮೊದಲೇ ಬರಹದಲ್ಲಿ ಪಡೆಯಬೇಕು.

ಕೈಯಲ್ಲಿರುವುದು ಒಂದೂವರೆ ಲಕ್ಷ ಮಾತ್ರ ಎನ್ನುವ ದಾನಿಗೂ ದಾರಿಯಿದೆ. ಶಾಲೆಯ ಹಳೆಯ ಕಂಪ್ಯೂಟರನ್ನೇ ದುರಸ್ತಿ ಮಾಡಿಸಿಕೊಂಡು, ದೀಕ್ಷಾದ ಸಾಮಗ್ರಿಯನ್ನು ಬಳಸಿ ಆರಂಭಿಸಿದರೆ ಮೊದಲ ವೆಚ್ಚದಲ್ಲಿ ಸುಮಾರು 30,000 ರೂ. ತಗ್ಗುತ್ತದೆ. ಆಗ ಉಳಿಯುವ ಸುಮಾರು 40,000 ರೂ.ಗಳನ್ನು ಶಾಲಾಭಿವೃದ್ಧಿ ಸಮಿತಿಯ ಹೆಸರಿನಲ್ಲಿ ನಿರ್ವಹಣೆ ಮತ್ತು ತರಬೇತಿಗೆಂದೇ ಬ್ಯಾಂಕಿನಲ್ಲಿ ಇಟ್ಟರೆ ಮೊದಲ ಎರಡು ವರ್ಷಗಳ ಆ ವೆಚ್ಚಕ್ಕೆ ಆಧಾರವಾಗುತ್ತದೆ. ಮೂರನೆಯ ವರ್ಷದ ಹಣಕ್ಕೆ ಇನ್ನೊಬ್ಬ ದಾನಿಯನ್ನು ಹುಡುಕಲು ಅಷ್ಟು ಕಾಲಾವಕಾಶವೂ ಸಿಗುತ್ತದೆ.