ಮೂರು ಕೋರ್ಟು, ಒಂದೇ ಫೈಲು

ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮ ಭೀಮಸಮುದ್ರದ ಶೆಡ್ಡುಗಳಲ್ಲಿ ರಾತ್ರಿ ಹನ್ನೊಂದರವರೆಗೂ ಮಾತು ನಿಲ್ಲುವುದಿಲ್ಲ. ಕಳೆದ ರಜೆಯಲ್ಲಿ ಮೊಬೈಲಿನಲ್ಲಿ ಯಾವುದೋ ಕೊಲೆ ಸುದ್ದಿ ಓಡುತ್ತಿತ್ತು. ದೊಡ್ಡಪ್ಪ ಕತ್ತಿ ಮಣೆಯಿಂದ ಕಣ್ಣು ಎತ್ತದೆಯೇ ತೀರ್ಪು ಕೊಟ್ಟರು: ‘ಇಂಥೋರನ್ನ ನೇಣಿಗೆ ಹಾಕ್ಬೇಕು, ಅಷ್ಟೇ.’ ನಾನು, ‘ತಪ್ಪು ಮನುಷ್ಯನಾಗಿದ್ರೆ ದೊಡ್ಡಪ್ಪಾ?’ ಅಂದೆ. ‘ಅದಕ್ಕೇ ಅಲ್ವೇನೋ ಮೂರು ಕೋರ್ಟ್ ಇರೋದು? ಒಬ್ರು ತಪ್ಪಿದ್ರೆ ಇನ್ನೊಬ್ರು ಹಿಡೀತಾರೆ’ ಅಂದರು.

ಆ ಹೊತ್ತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮರಣದಂಡನೆಯ ತೀರ್ಪು ಸೆಷನ್ಸ್ ಕೋರ್ಟಿನಲ್ಲಿ ಬಂದರೆ ಹೈಕೋರ್ಟ್ ಅದನ್ನು ದೃಢೀಕರಿಸಲೇಬೇಕು. ಆಮೇಲೆ ಸುಪ್ರೀಂ ಕೋರ್ಟ್, ಕೊನೆಗೆ ರಾಷ್ಟ್ರಪತಿ. ಇಷ್ಟು ಜರಡಿ ದಾಟಿ ತಪ್ಪೊಂದು ಉಳಿಯುವುದು ಹೇಗೆ?

ಉತ್ತರ ಹೊಳೆದದ್ದು ಲ್ಯಾಬಿನಲ್ಲಿ. ಒಂದು ಸರ್ಕ್ಯೂಟಿನ ವೋಲ್ಟೇಜ್ ವಿಚಿತ್ರವಾಗಿ ಬರುತ್ತಿತ್ತು. ಮೀಟರ್ ಕೆಟ್ಟಿರಬೇಕು ಎಂದು ಬದಲಿಸಿದೆವು. ಮೂರು ಮೀಟರೂ ಅದೇ ಸಂಖ್ಯೆ ತೋರಿಸಿದವು, ನಾವು ನಂಬಿ ರೆಕಾರ್ಡಿಗೆ ಬರೆದೂಬಿಟ್ಟೆವು. ಮೀಟರ್ ಬದಲಿಸಿದರೂ ಪ್ರೋಬ್ ವೈರು ಮಾತ್ರ ಹಳೆಯದೇ ಆಗಿತ್ತು. ದೋಷ ಇದ್ದದ್ದು ಅದರಲ್ಲಿ. ಮೂರು ಸಲ ಅಳೆದೆವು ಎಂದುಕೊಂಡಿದ್ದೆವು, ಒಂದೇ ತಪ್ಪನ್ನು ಮೂರು ಸಲ ಓದಿದ್ದೆವು ಅಷ್ಟೆ.

ಕೋರ್ಟುಗಳ ವಿಷಯವೂ ಬಹುಮಟ್ಟಿಗೆ ಹೀಗೆಯೇ. ಮೇಲ್ಮನವಿ ಎಂದರೆ ಸಾಮಾನ್ಯವಾಗಿ ಹೊಸ ತನಿಖೆಯಲ್ಲ. ಸಾಕ್ಷಿ ಕಟಕಟೆಗೆ ಬಂದು ಹೇಳುವುದು ಕೆಳಗಿನ ಕೋರ್ಟಿನಲ್ಲಿ. ಮೇಲಿನವರು ಓದುವುದು ಅಲ್ಲಿ ತಯಾರಾದ ದಾಖಲೆಯನ್ನು. ಆ ದಾಖಲೆಗೆ ಏನು ಸೇರಬೇಕು, ಏನು ಹೊರಗುಳಿಯಬೇಕು ಎನ್ನುವುದು ಬಹುಪಾಲು ತೀರ್ಮಾನವಾಗುವುದು ಪೊಲೀಸ್ ಠಾಣೆಯಲ್ಲಿ.

ಫೈಲು ಹೇಗೆ ತಯಾರಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಪ್ರಕರಣ ಇದೆ. ಕೊಡಗಿನ ಕುಶಾಲನಗರ ತಾಲ್ಲೂಕಿನ ಆದಿವಾಸಿ ಕೂಲಿಕಾರರೊಬ್ಬರ ಹೆಂಡತಿ 2020ರಲ್ಲಿ ಕಾಣೆಯಾದರು. ಠಾಣೆಗೆ ಹೋಗಿ ದೂರು ಕೊಟ್ಟವರು ಗಂಡನೇ. ಪಕ್ಕದ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಠಾಣೆ ವ್ಯಾಪ್ತಿಯಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತ್ತು. ಒಂದು ಕಡೆ ಕಾಣೆಯಾದ ಹೆಂಗಸು, ಇನ್ನೊಂದು ಕಡೆ ಹೆಸರಿಲ್ಲದ ಎಲುಬು. ಎರಡೂ ಒಂದೇ ಎಂದುಕೊಂಡರೆ ಎರಡು ಫೈಲೂ ಮುಗಿಯುತ್ತವೆ. ಗಂಡನನ್ನು ಕೊಲೆ ಆರೋಪದ ಮೇಲೆ ಬಂಧಿಸಲಾಯಿತು. ಅಲ್ಲಿ ಸಿಕ್ಕ ಎಲುಬಿನ ಡಿಎನ್ಎಯನ್ನು ಹೆಂಡತಿಯ ತಾಯಿಯ ರಕ್ತದ ಜೊತೆ ಹೋಲಿಸಲು ಕಳಿಸಿದ್ದರು. ಆದರೆ ಆ ವರದಿ ಬರುವ ಮೊದಲೇ ಆರೋಪಪಟ್ಟಿ ಸಲ್ಲಿಕೆಯಾಗಿತ್ತು. ವರದಿ ಬಂತು, ಹೊಂದಾಣಿಕೆ ಇರಲಿಲ್ಲ. ಅವರಿಗೆ ಜಾಮೀನೇನೋ ಸಿಕ್ಕಿತು, ಅಷ್ಟರಲ್ಲಿ ಒಂದೂವರೆ ವರ್ಷದಷ್ಟು ಜೈಲಿನಲ್ಲಿ ಕಳೆದಿದ್ದರು. ಪ್ರಕರಣ ಮಾತ್ರ ನಿಲ್ಲಲಿಲ್ಲ.

ಅದನ್ನು ನಿಲ್ಲಿಸಿದ್ದು ಯಾವ ಜರಡಿಯೂ ಅಲ್ಲ, ಮಡಿಕೇರಿಯ ಒಂದು ಹೋಟೆಲು. 2025ರ ಏಪ್ರಿಲ್ 1ರಂದು ಗಂಡನ ಪರಿಚಯದವರು ಅಲ್ಲಿ ಆ ‘ಸತ್ತ’ ಹೆಂಡತಿಯನ್ನು ಕಂಡರು. ಮೈಸೂರಿನ ನ್ಯಾಯಾಲಯದ ಮುಂದೆ ಅವರನ್ನು ಹಾಜರುಪಡಿಸಲಾಯಿತು. ಅದೇ ತಿಂಗಳು ನ್ಯಾಯಾಲಯ ಗಂಡನನ್ನು ಖುಲಾಸೆಗೊಳಿಸಿ, ಗೃಹ ಇಲಾಖೆ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಹೇಳಿತು.

ಅಲ್ಲಿ ಶಿಕ್ಷೆಯೇ ಆಗಿರಲಿಲ್ಲವಲ್ಲ, ಗಲ್ಲಿನ ಮಾತೇಕೆ ಎಂದು ನೀವು ಕೇಳಬಹುದು. ಸರಿಯೇ. ಶಿಕ್ಷೆಯಾಗಿ, ದೃಢಪಟ್ಟು, ಹಗ್ಗದ ಹತ್ತಿರಕ್ಕೆ ಹೋದದ್ದನ್ನು ನೋಡಲು ಪಕ್ಕದ ಮಹಾರಾಷ್ಟ್ರಕ್ಕೆ ಹೋಗಬೇಕು.

2003ರ ಜೂನ್‌ನಲ್ಲಿ ನಾಸಿಕ್ ಬಳಿ ತೋಟದ ಗುಡಿಸಲಿನಲ್ಲಿದ್ದ ಒಂದು ಕುಟುಂಬದ ಮೇಲೆ ದರೋಡೆಕೋರರು ಬಿದ್ದರು. ಐವರ ಕೊಲೆ, ಅತ್ಯಾಚಾರ. ಓದಿದರೆ ಯಾರಿಗಾದರೂ ದೊಡ್ಡಪ್ಪನ ಮಾತೇ ಬಾಯಿಗೆ ಬರುವಂಥ ಕ್ರೌರ್ಯ. ಆರು ಜನರನ್ನು ಹಿಡಿದರು. 2006ರಲ್ಲಿ ಕೆಳಗಿನ ಕೋರ್ಟ್ ಆರೂ ಜನರಿಗೆ ಗಲ್ಲು ವಿಧಿಸಿತು. 2007ರಲ್ಲಿ ಬಾಂಬೆ ಹೈಕೋರ್ಟ್ ಮೂವರದ್ದನ್ನು ಉಳಿಸಿ, ಮೂವರದ್ದನ್ನು ಜೀವಾವಧಿಗೆ ಇಳಿಸಿತು. 2009ರಲ್ಲಿ ಸುಪ್ರೀಂ ಕೋರ್ಟ್ ಆ ಮೂವರಿಗೂ ಮತ್ತೆ ಗಲ್ಲು ಎಂದಿತು. ಜರಡಿ ಹಿಡಿಯುವುದಿರಲಿ, ಮೇಲೆ ಹೋದಂತೆ ಹಗ್ಗ ಬಿಗಿಯಾಯಿತು.

ಅದೇ ಸುಪ್ರೀಂ ಕೋರ್ಟ್ 2018ರಲ್ಲಿ ತನ್ನ ತೀರ್ಪನ್ನು ಹಿಂಪಡೆದು ಪ್ರಕರಣವನ್ನು ಮತ್ತೆ ಕೇಳಲು ಒಪ್ಪಿತು. 2019ರ ಮಾರ್ಚ್ 5ರಂದು ಆರೂ ಜನರನ್ನು ಖುಲಾಸೆ ಮಾಡಿತು. ಪೀಠದ ಮೂವರಲ್ಲಿ ಒಬ್ಬರು ನಮ್ಮ ದಕ್ಷಿಣ ಕನ್ನಡದವರೇ ಆದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್.

ಏನು ಬದಲಾಗಿತ್ತು? ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಸಂಗತಿ. ದಾಳಿಯಲ್ಲಿ ಬದುಕುಳಿದ ಮಹಿಳೆಗೆ ಘಟನೆಯಾದ ಕೆಲವೇ ದಿನಗಳಲ್ಲಿ ಪೊಲೀಸರು ಹಳೆಯ ಅಪರಾಧಿಗಳ ಫೋಟೊ ತೋರಿಸಿದ್ದರು. ಆಕೆ ನಾಲ್ವರನ್ನು ಗುರುತಿಸಿದ್ದರು. ಆ ನಾಲ್ವರಲ್ಲಿ ಯಾರೂ ಈ ಆರು ಜನರಲ್ಲಿ ಇರಲಿಲ್ಲ. ಆ ನಾಲ್ವರ ಜಾಡು ಹಿಡಿದು ತನಿಖೆ ನಡೆಯಲೇ ಇಲ್ಲ. ನಂತರ ಹಿಡಿದವರನ್ನೇ ಸಾಕ್ಷಿಗಳು ಗುರುತಿಸಿದರು ಎಂಬುದರ ಮೇಲೆ ಇಡೀ ಪ್ರಕರಣ ನಿಂತಿತು. ಅಂದರೆ ಪ್ರೋಬು ಕೆಟ್ಟದ್ದು ಮೊದಲ ವಾರದಲ್ಲೇ. ಅದು ತಿಳಿಯಲು ಹದಿನಾರು ವರ್ಷ ಬೇಕಾಯಿತು. ಆರು ಜನರಲ್ಲಿ ಒಬ್ಬನು ಅಪರಾಧ ನಡೆದಾಗ ಬಾಲಕನಾಗಿದ್ದ ಎಂಬುದೂ ಗಲ್ಲಿನ ತೀರ್ಪು ಖಾಯಂ ಆದ ಮೇಲೆಯೇ ಸಾಬೀತಾದದ್ದು. ತಲಾ ಐದು ಲಕ್ಷ ಪರಿಹಾರ ಕೊಡಲು ಕೋರ್ಟ್ ಹೇಳಿತು.

2009ರಿಂದ 2019. ಆ ಹತ್ತು ವರ್ಷದಲ್ಲಿ ಶಿಕ್ಷೆ ಜಾರಿಯಾಗಿದ್ದರೆ? ತಪ್ಪು ಹಾಗೆಯೇ ಇರುತ್ತಿತ್ತು, ತಪ್ಪಾಗಿದೆ ಎಂಬುದು ಮಾತ್ರ ಹೊರಬರುತ್ತಿರಲಿಲ್ಲ. ಸತ್ತವನು ಅರ್ಜಿ ಹಾಕುವುದಿಲ್ಲ, ಅವನ ಪರವಾಗಿ ಫೈಲು ಕೆದಕಲು ವಕೀಲರಿಗೂ ಕಾರಣ ಉಳಿಯುವುದಿಲ್ಲ. ‘ನಮ್ಮಲ್ಲಿ ನಿರಪರಾಧಿಯನ್ನು ಗಲ್ಲಿಗೇರಿಸಿದ ಉದಾಹರಣೆ ಎಲ್ಲಿದೆ?’ ಎಂದು ಕೇಳುವವರು ಇದನ್ನು ಯೋಚಿಸಬೇಕು. ಹುಡುಕುವುದನ್ನೇ ನಿಲ್ಲಿಸಿದ ಮೇಲೆ ಸಿಗುವುದೆಲ್ಲಿಂದ?

ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರು ಸುಮ್ಮನಿರುವವರಲ್ಲ. ‘ಜೈಲಲ್ಲಿ ಕೊಳೆತ ಹದಿನಾರು ವರ್ಷಾನೂ ವಾಪಸ್ ಬರಲ್ಲ. ಹಂಗಂತ ಜೈಲೂ ಬೇಡ ಅಂತೀಯಾ?’ ಅಂದರು. ಒಳ್ಳೆಯ ಪ್ರಶ್ನೆ. ಕಳೆದ ವರ್ಷಗಳು ಬರುವುದಿಲ್ಲ, ನಿಜ. ಆದರೆ ಬಾಗಿಲು ತೆರೆದಾಗ ಹೊರಗೆ ಬರಲು ಮನುಷ್ಯ ಒಳಗಿದ್ದ. ಉಳಿದ ಬದುಕು ಅವನದ್ದಾಯಿತು. ತಪ್ಪಿನ ಪೂರ್ತಿ ಬೆಲೆ ತೀರದಿದ್ದರೂ ತಪ್ಪು ಅಲ್ಲಿಗೆ ನಿಂತಿತು.

ಆಮೇಲೆ ದೊಡ್ಡಪ್ಪ ನಮ್ಮ ಜಿಲ್ಲೆಯ ಹೆಸರನ್ನೇ ಎತ್ತಿದರು, ಉಮೇಶ್ ರೆಡ್ಡಿ. ಚಿತ್ರದುರ್ಗದ ಕಡೆಯಲ್ಲಿ ಈ ಹೆಸರು ಹೇಳಿದರೆ ಇವತ್ತಿಗೂ ಹೆಂಗಸರು ಬಾಗಿಲ ಚಿಲಕ ನೋಡುತ್ತಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಅವನ ಗಲ್ಲನ್ನು ಎತ್ತಿಹಿಡಿಯಿತು. 2022ರಲ್ಲಿ, ಬೆಳಗಾವಿ ಜೈಲಿನಲ್ಲಿ ಅವನನ್ನು ಕಾನೂನುಬಾಹಿರವಾಗಿ ಒಂಟಿ ಸೆರೆಯಲ್ಲಿ ಇಟ್ಟದ್ದಕ್ಕೆ, ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ‘ಅವನ ಮೇಲೆ ನಿನಗೆ ಅನುಮಾನ ಇದೆಯೇನು?’ ಅಂದರು. ಇಲ್ಲ, ಇಲ್ಲವೇ ಇಲ್ಲ. ಇಲ್ಲಿ ನನ್ನ ವಾದ ಸ್ವಲ್ಪ ತಡವರಿಸುತ್ತದೆ, ಒಪ್ಪುತ್ತೇನೆ. ಆದರೆ ‘ಖಾತ್ರಿ ಇರುವವರಿಗೆ ಮಾತ್ರ ಗಲ್ಲು’ ಎಂದು ಕಾನೂನು ಬರೆದರೆ, ನಾಸಿಕ್‌ನ ಆರು ಜನರೂ ಅದರೊಳಗೇ ಬರುತ್ತಿದ್ದರು. 2009ರಲ್ಲಿ ಅವರ ಬಗ್ಗೆಯೂ ದೇಶದ ಅತಿ ದೊಡ್ಡ ನ್ಯಾಯಾಲಯಕ್ಕೆ ಖಾತ್ರಿಯೇ ಇತ್ತಲ್ಲ.

ದೊಡ್ಡಪ್ಪ ಒಪ್ಪಲಿಲ್ಲ. ಇನ್ನೊಂದು ಬುಟ್ಟಿ ಅಡಿಕೆ ಎಳೆದುಕೊಂಡು ಸ್ವಲ್ಪ ಹೊತ್ತು ಸುಲಿದರು. ಆಮೇಲೆ ಕತ್ತಿ ನಿಲ್ಲಿಸಿ ಕೇಳಿದರು: ‘ಆ ಕೊಡಗಿನ ಕೇಸಲ್ಲಿ ಹೆಂಡ್ತಿ ಬದುಕಿದ್ಲು ಅಂದ್ಯಲ್ಲ, ಹಂಗಾದ್ರೆ ಆ ಎಲುಬು ಯಾರದ್ದೋ?’

ತೀರ್ಪು ಬಂದ ದಿನಕ್ಕೂ ಅದು ಯಾರಿಗೂ ಗೊತ್ತಾಗಿರಲಿಲ್ಲ.