13 ಮಿಲಿಮೀಟರು, 50 ಗಂಟೆ

ಇಯರ್‌ಬಡ್‌ಗಳ ಡಬ್ಬಿಯ ಮೇಲೆ ಎರಡು ಸಂಖ್ಯೆಗಳು ಎದ್ದು ಕಾಣುತ್ತವೆ. ಒಂದು ಡ್ರೈವರ್‌ನ ಅಗಲ, 10 ಅಥವಾ 13 ಮಿಲಿಮೀಟರು. ಇನ್ನೊಂದು ಬ್ಯಾಟರಿಯ ಗಂಟೆ, 40 ಅಥವಾ 50. ಅಂಗಡಿಯವರು ಓದಿ ಹೇಳುವುದೂ ಇವನ್ನೇ. ಆದರೆ ಹಾಡು ಹೇಗೆ ಕೇಳಿಸುತ್ತದೆ, ಕೊಂಡ ವಸ್ತು ಎಷ್ಟು ವರ್ಷ ಬಾಳುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಈ ಸಂಖ್ಯೆಗಳಲ್ಲಿ ಉತ್ತರವಿಲ್ಲ.

ಡ್ರೈವರ್ ಎಂದರೆ ವಿದ್ಯುತ್ತಿನ ಏರಿಳಿತವನ್ನು ಗಾಳಿಯ ಕಂಪನವನ್ನಾಗಿ ಮಾಡುವ ಪುಟ್ಟ ಸ್ಪೀಕರ್. ನಮ್ಮಲ್ಲಿ ಮಾರಾಟವಾಗುವ ಬಹುತೇಕ ಇಯರ್‌ಬಡ್, ಹೆಡ್‌ಫೋನ್‌ಗಳಲ್ಲಿ ಇರುವುದು ಡೈನಾಮಿಕ್ ಡ್ರೈವರ್. ಒಂದು ತೆಳು ಪೊರೆ, ಅದಕ್ಕೆ ಅಂಟಿಸಿದ ತಂತಿಯ ಸುರುಳಿ, ಜೊತೆಗೊಂದು ಆಯಸ್ಕಾಂತ. ಸುರುಳಿಯಲ್ಲಿ ವಿದ್ಯುತ್ ಹರಿದಾಗ ಪೊರೆ ಹಿಂದೆ ಮುಂದೆ ಆಡುತ್ತದೆ. ತಯಾರಿಕೆ ಅಗ್ಗ, ತಬಲಾ ಮೃದಂಗಗಳ ಮಂದ್ರ ನಾದ ತುಂಬಿಕೊಂಡು ಬರುತ್ತದೆ. ಎರಡನೆಯದು ಬ್ಯಾಲೆನ್ಸ್ಡ್ ಆರ್ಮೇಚರ್. ಕಿವಿ ಮಂದವಾದವರು ಹಾಕಿಕೊಳ್ಳುವ ಶ್ರವಣ ಸಾಧನಗಳಲ್ಲಿ ಬಹಳ ಕಾಲದಿಂದ ಇರುವ ಡ್ರೈವರ್ ಇದು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಷ್ಟೆ. ಮಾತು, ವೀಣೆಯ ಮೀಟು ಇದರಲ್ಲಿ ಸ್ಪಷ್ಟವಾಗಿ ಕೇಳುತ್ತವೆ, ಆದರೆ ಒಂದೇ ಡ್ರೈವರ್‌ನಿಂದ ಎಲ್ಲ ಸ್ವರಶ್ರೇಣಿಯನ್ನೂ ಚೆನ್ನಾಗಿ ನುಡಿಸುವುದು ಕಷ್ಟ. ಅದಕ್ಕೇ ದುಬಾರಿ ಬಡ್‌ಗಳಲ್ಲಿ ಇವನ್ನು ಎರಡು ಮೂರು ಸೇರಿಸುತ್ತಾರೆ, ಇಲ್ಲವೇ ಡೈನಾಮಿಕ್ ಜೊತೆ ಜೋಡಿಸಿ ಹೈಬ್ರಿಡ್ ಎನ್ನುತ್ತಾರೆ. ಮೂರನೆಯದು ಪ್ಲಾನರ್. ಇದರಲ್ಲಿ ಪೊರೆಯ ಉದ್ದಗಲಕ್ಕೂ ವಾಹಕ ಗೆರೆಗಳಿರುವುದರಿಂದ ಇಡೀ ಪೊರೆ ಒಟ್ಟಿಗೆ ಚಲಿಸುತ್ತದೆ. ನಾದ ಬಹಳ ಶುದ್ಧ, ಆದರೆ ತೂಕ ಹೆಚ್ಚು. ಹಾಗಾಗಿ ಹೆಚ್ಚಾಗಿ ದೊಡ್ಡ ಹೆಡ್‌ಫೋನ್‌ಗಳಲ್ಲೇ ಕಾಣಸಿಗುತ್ತದೆ.

ಡ್ರೈವರ್‌ನ ಬಗೆ ಹೀಗೆ ನಾದದ ಸ್ವಭಾವವನ್ನಾದರೂ ಒಂದಿಷ್ಟು ತಿಳಿಸುತ್ತದೆ. ಅಗಲ ಅದನ್ನೂ ತಿಳಿಸುವುದಿಲ್ಲ. ಸೋನಿ ಕಂಪನಿಯ ಡಬ್ಲ್ಯುಎಚ್-1000ಎಕ್ಸ್‌ಎಂ4 ಹೆಡ್‌ಫೋನ್ 2020ರಲ್ಲಿ ಬಂದಾಗ ಅದರ ಡ್ರೈವರ್ 40 ಮಿಲಿಮೀಟರು. 2022ರಲ್ಲಿ ಬಂದ ಮುಂದಿನ ಮಾದರಿ ಎಕ್ಸ್‌ಎಂ5ರಲ್ಲಿ ಅದನ್ನು 30ಕ್ಕೆ ಇಳಿಸಿ, ಅದನ್ನೇ ಹೆಚ್ಚಿನ ಬೆಲೆಗೆ ಮಾರಿದರು. ಅಗಲವೇ ಗುಣವಾಗಿದ್ದರೆ ಹೀಗೆ ಮಾಡಲು ಯಾವ ಕಂಪನಿಗೂ ಧೈರ್ಯ ಬರುತ್ತಿರಲಿಲ್ಲ.

ಇಯರ್‌ಬಡ್‌ನಲ್ಲಂತೂ ಅಗಲದ ಮಾತಿಗೆ ಇನ್ನೂ ಕಡಿಮೆ ಬೆಲೆ. ರಬ್ಬರ್ ತುದಿ ಕಿವಿಯ ದ್ವಾರವನ್ನು ಸರಿಯಾಗಿ ಮುಚ್ಚಿದಾಗ ಒಳಗೆ ಉಳಿಯುವ ಗಾಳಿ ಒಂದೆರಡು ಘನ ಸೆಂಟಿಮೀಟರಿನಷ್ಟು ಮಾತ್ರ. ಅಷ್ಟು ಗಾಳಿಯನ್ನು ಒತ್ತಿ ಬಿಡಲು 6 ಮಿಲಿಮೀಟರಿನ ಪೊರೆ ಸಾಕು. ತುದಿಯ ಪಕ್ಕದಲ್ಲಿ ಸಣ್ಣ ಸಂದು ಉಳಿದರೂ ಆ ಒತ್ತಡ ಹೊರಗೆ ಸೋರುತ್ತದೆ, ಮೊದಲು ಮಾಯವಾಗುವುದು ಮಂದ್ರ ನಾದ. 13 ಮಿಲಿಮೀಟರಿನ ಬಡ್ ಕೊಂಡು "ಬೇಸ್ ಬರಲ್ಲ" ಎಂದು ಬೇಸರಪಡುವವರಲ್ಲಿ ಅನೇಕರಿಗೆ ಆಗಿರುವುದು ಇದೇ. ಪರೀಕ್ಷೆ ಸುಲಭ. ಮೃದಂಗ ಇರುವ ಹಾಡು ಹಾಕಿ, ಬಡ್‌ಗಳನ್ನು ಬೆರಳಿನಿಂದ ಮೆತ್ತಗೆ ಒಳಕ್ಕೆ ಒತ್ತಿ. ತಕ್ಷಣ ನಾದ ತುಂಬಿಕೊಂಡರೆ ನಿಮ್ಮ ತುದಿಯ ಅಳತೆ ತಪ್ಪಾಗಿದೆ. ಡಬ್ಬಿಯಲ್ಲಿ ಇನ್ನೆರಡು ಅಳತೆಯ ತುದಿಗಳು ಇರುತ್ತವೆ, ಹಾಕಿ ನೋಡಿ. ಎಡಗಿವಿಗೆ ಒಂದು ಅಳತೆ, ಬಲಗಿವಿಗೆ ಇನ್ನೊಂದು ಬೇಕಾದರೂ ಆಶ್ಚರ್ಯವಿಲ್ಲ.

ಇದೇ ಡಬ್ಬಿಯ ಮೇಲಿನ ಇನ್ನು ಕೆಲವು ಮಾತುಗಳನ್ನು ಓದದೆ ಬಿಟ್ಟರೂ ನಷ್ಟವಿಲ್ಲ. 40,000 ಹರ್ಟ್ಸ್‌ವರೆಗೆ ನುಡಿಸುತ್ತದೆ ಎಂದಿದ್ದರೆ, ಎಳೆಯರ ಕಿವಿಗೇ 20,000ದ ಆಚೆ ಏನೂ ಕೇಳಿಸುವುದಿಲ್ಲ, ವಯಸ್ಸಾದಂತೆ ಆ ಮಿತಿ ಇನ್ನೂ ಇಳಿಯುತ್ತದೆ. ಬ್ಲೂಟೂತ್ 5.3 ಎಂಬುದರಿಂದ ನಾದ ಉತ್ತಮವಾಗುವುದಿಲ್ಲ. ಆದರೆ ಇಎನ್‌ಸಿ ಎಂಬ ಮೂರಕ್ಷರದ ವಿಷಯದಲ್ಲಿ ಎಚ್ಚರ ಬೇಕು. ಅದನ್ನು ಎಎನ್‌ಸಿ ಎಂದು ತಿಳಿದು ಕೊಳ್ಳುವವರು ಬಹಳ. ಬಸ್ಸಿನ ಇಂಜಿನ್ ಸದ್ದು ನಿಮ್ಮ ಕಿವಿಗೆ ಬೀಳದಂತೆ ತಗ್ಗಿಸುವುದು ಎಎನ್‌ಸಿ. ಇಎನ್‌ಸಿ ನಿಮ್ಮ ಮೈಕನ್ನು ಶುದ್ಧಗೊಳಿಸುತ್ತದೆ. ಅದರ ಲಾಭ ಫೋನಿನ ಆ ಬದಿಯಲ್ಲಿ ಇರುವವರಿಗೆ.

ಈಗ ಗಂಟೆಗಳ ವಿಷಯ. ಡಬ್ಬಿಯ 50 ಗಂಟೆ ಎಂದರೆ ಬಡ್‌ಗಳ ಬ್ಯಾಟರಿಯ ಜೊತೆಗೆ ಕೇಸಿನ ಬ್ಯಾಟರಿಯನ್ನೂ ಕೂಡಿಸಿದ ಲೆಕ್ಕ. ಅದೂ ಸಾಮಾನ್ಯವಾಗಿ ಅರ್ಧ ವಾಲ್ಯೂಮಿನಲ್ಲಿ, ಎಎನ್‌ಸಿ ಆಫ್ ಮಾಡಿ ಅಳೆದದ್ದು. ಒಂದು ಸಾಧಾರಣ ಜೋಡಿಯನ್ನು ತೆಗೆದುಕೊಳ್ಳೋಣ. ಒಂದೊಂದು ಬಡ್‌ನಲ್ಲಿ 40 ಎಂಎಎಚ್, ಎರಡಕ್ಕೆ 80. ಕೇಸಿನಲ್ಲಿ 400. ಭಾಗಿಸಿದರೆ ಐದು ಬಾರಿ ತುಂಬಬೇಕು. ಆದರೆ ಕೇಸಿನಿಂದ ಬಡ್‌ಗೆ ಹರಿಯುವಾಗ ವೋಲ್ಟೇಜ್ ಏರಿಸಿ ಇಳಿಸುವುದರಲ್ಲಿ ಸಾಕಷ್ಟು ಶಕ್ತಿ ಬಿಸಿಯಾಗಿ ಹೋಗುತ್ತದೆ, ಕೈಗೆ ಸಿಗುವುದು ಮೂರೂವರೆ ಬಾರಿ. ಒಂದು ಸಲಕ್ಕೆ 6 ಗಂಟೆ ಎಂದರೆ ಒಟ್ಟು 27. ಎಎನ್‌ಸಿ ಹಾಕಿದರೆ 6 ಗಂಟೆ 4ಕ್ಕೆ ಇಳಿಯುತ್ತದೆ, ಒಟ್ಟು 18. ಕರೆ ಮಾತನಾಡಿದರೆ ಮೈಕುಗಳೂ ಕೆಲಸ ಮಾಡುವುದರಿಂದ ಇನ್ನಷ್ಟು ಕಡಿಮೆ. ಕಂಪನಿ ಪ್ರಾಮಾಣಿಕವಾಗಿ ಬರೆದಿದ್ದರೆ ಎರಡೂ ಸಂಖ್ಯೆ ಸಿಗುತ್ತವೆ. 2022ರ ಏರ್‌ಪಾಡ್ಸ್ ಪ್ರೊ ಎಎನ್‌ಸಿ ಹಾಕಿ 6 ಗಂಟೆ, ಕೇಸ್ ಸೇರಿ 30 ಎಂದು ಆಪಲ್ ಬಿಡಿಸಿ ಹೇಳಿತ್ತು. ನಿಮಗೆ ಬೇಕಾದದ್ದು ಅದರಲ್ಲಿ ಮೊದಲನೆಯದು. ಹೆಡ್‌ಫೋನಿಗೆ ಈ ಕೂಡಿಸುವ ಲೆಕ್ಕವೇ ಇಲ್ಲ. ಮೇಲೆ ಹೇಳಿದ ಸೋನಿ ಮಾದರಿಗಳೆರಡೂ ಎಎನ್‌ಸಿ ಹಾಕಿಕೊಂಡೇ ಒಂದು ಚಾರ್ಜಿಗೆ 30 ಗಂಟೆ ಎನ್ನುತ್ತವೆ.

ಡಬ್ಬಿಯ ಮೇಲೆ ಎಲ್ಲೂ ಬರೆಯದ ಸಂಗತಿ ಇದಕ್ಕಿಂತ ದೊಡ್ಡದು. ಲಿಥಿಯಂ ಬ್ಯಾಟರಿ ಸುಮಾರು 500 ಬಾರಿ ಪೂರ್ತಿ ತುಂಬಿ ಖಾಲಿಯಾಗುವ ಹೊತ್ತಿಗೆ ಸೊರಗಿರುತ್ತದೆ. ಒಂದು ಚಾರ್ಜಿಗೆ 5 ಗಂಟೆ ನಡೆಯುವ ಬಡ್‌ಗೆ ಆ 500 ಸುತ್ತು ಎಂದರೆ 2,500 ಗಂಟೆ. ದಿನಕ್ಕೆ 3 ಗಂಟೆ ಕೇಳುವವರಿಗೆ ಎರಡು ವರ್ಷ ಚಿಲ್ಲರೆ. 30 ಗಂಟೆಯ ಹೆಡ್‌ಫೋನಿಗೆ ಅದೇ 500 ಸುತ್ತು 15,000 ಗಂಟೆಯಾಗುತ್ತದೆ, ಹದಿಮೂರು ವರ್ಷಕ್ಕೂ ಹೆಚ್ಚು. ಅಷ್ಟು ಕಾಲ ಯಾವ ಬ್ಯಾಟರಿಯೂ ಉಳಿಯುವುದಿಲ್ಲ ನಿಜ, ಬಳಸದಿದ್ದರೂ ಅದಕ್ಕೆ ವಯಸ್ಸಾಗುತ್ತದೆ, ಸೆಕೆ ಅದನ್ನು ಬೇಗ ಮುಪ್ಪಾಗಿಸುತ್ತದೆ. ಆದರೂ ಅಂತರ ಅಂತರವೇ. ಹೆಡ್‌ಫೋನಿನ ಬ್ಯಾಟರಿ ಸತ್ತರೂ ಬಹಳಷ್ಟು ಮಾದರಿಗಳು ತಂತಿ ಚುಚ್ಚಿದರೆ ಹಾಡುತ್ತವೆ. ಬಡ್‌ನ ಬ್ಯಾಟರಿಯನ್ನು ಅಂಟು ಹಾಕಿ ಮುಚ್ಚಿರುವುದರಿಂದ ಚೆನ್ನಾಗಿರುವ ಡ್ರೈವರ್ ಕೂಡ ಅದರ ಜೊತೆಗೇ ಕಸಕ್ಕೆ ಹೋಗುತ್ತದೆ. ಇದು ತಪ್ಪಿಸಲಾಗದ ಸಂಗತಿಯೇನಲ್ಲ. ನೆದರ್ಲೆಂಡ್ಸ್‌ನ ಫೇರ್‌ಫೋನ್ ಕಂಪನಿ 2024ರಲ್ಲಿ ಬ್ಯಾಟರಿ ಬದಲಿಸಬಹುದಾದ ಇಯರ್‌ಬಡ್‌ಗಳನ್ನು ಮಾಡಿ ಮಾರಿದೆ. ಉಳಿದವರು ಮಾಡದಿರುವುದು ನಮ್ಮ ಹಣಕ್ಕೂ ನೆಲಕ್ಕೂ ಆಗುತ್ತಿರುವ ಅನ್ಯಾಯವೆಂದೇ ನಾನು ತಿಳಿದಿದ್ದೇನೆ.

ಹಾಗಾಗಿ ಮನೆಯಲ್ಲೋ ಕಚೇರಿಯಲ್ಲೋ ಕೂತು ಗಂಟೆಗಟ್ಟಲೆ ಕೇಳುವವರು ಹೆಡ್‌ಫೋನ್ ಕೊಳ್ಳುವುದು ಮೇಲು. ಬಸ್ಸು, ಮೆಟ್ರೋ, ಬೆಳಗಿನ ನಡಿಗೆಗೆ ಬಡ್ ಸರಿ, ಆದರೆ ಎರಡು ವರ್ಷದ ವಸ್ತುವಿಗೆ ಎಷ್ಟು ಕೊಡಬಹುದೋ ಅಷ್ಟೇ ಕೊಡಿ. ಅಂಗಡಿಯಲ್ಲಿ ಮಿಲಿಮೀಟರು ಕೇಳಬೇಡಿ. ಎಎನ್‌ಸಿ ಹಾಕಿ, ಕೇಸ್ ಬಿಟ್ಟು, ಒಂದು ಚಾರ್ಜಿಗೆ ಎಷ್ಟು ಗಂಟೆ ಎಂದು ಕೇಳಿ. ಹೆಡ್‌ಫೋನ್ ಆದರೆ ಚಾರ್ಜ್ ಇಲ್ಲದೆ ತಂತಿಯಲ್ಲಿ ನಡೆಯುತ್ತದೆಯೇ ಎಂದೂ ಕೇಳಿ, ಅಲ್ಲೇ ಚುಚ್ಚಿ ನೋಡಿ.